ಲೀಟರ್ ಟೋಟಲ್ ಸರಿ ಇದ್ದರೂ ಫ್ಯಾಟ್ ಅದಲು ಬದಲಾಗಿತ್ತು: ಡೇರಿ ಪುಸ್ತಕ ಎಕ್ಸೆಲ್‌ಗೆ ಹಾಕಿಸುವವರು ಇದನ್ನು ಓದಿ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ನಾನು ನಿರ್ದೇಶಕ. 64 ಜನ ಹಾಲು ಹಾಕುತ್ತಾರೆ. ಮೇ ತಿಂಗಳಲ್ಲಿ ಬಿದ್ದ ಸಿಡಿಲಿಗೆ ಡೇರಿಯ ಕಂಪ್ಯೂಟರ್, ತೂಕದ ಯಂತ್ರ ಎರಡೂ ಸುಟ್ಟು ಹೋದವು. ಹೊಸದು ಬರುವ ತನಕ ಏಳು ವಾರ ಕೈಬರಹದ ಪುಸ್ತಕವೇ ಗತಿಯಾಯಿತು. ಪಕ್ಕದ ಊರಿನಿಂದ ಫ್ಯಾಟ್ ಮೆಷಿನ್ ತಂದುಕೊಂಡೆವು. ಹಾಲನ್ನು ಅಳತೆ ಪಾತ್ರೆಯಲ್ಲೇ ಅಳೆದೆವು. ಟೆಸ್ಟರ್ ಪ್ರತಿ ಹೊತ್ತೂ ಸದಸ್ಯರ ಸಂಖ್ಯೆಯ ಎದುರು ಲೀಟರ್, ಫ್ಯಾಟ್ ಬರೆಯುತ್ತಿದ್ದರು.

ಬಟವಾಡೆ ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ ವಾರದ ಲೆಕ್ಕ ಎಕ್ಸೆಲ್‌ನಲ್ಲಿ ಬೇಕೇ ಬೇಕು. ಹಾಗಾಗಿ ಪುಸ್ತಕವನ್ನು ಪೇಟೆಯ ಒಂದು ಟೈಪಿಂಗ್ ಅಂಗಡಿಗೆ ಕೊಟ್ಟೆವು. ಒಬ್ಬೊಬ್ಬ ರೈತರಿಗೆ ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ರೂಪಾಯಿ ಅಂತ ಕಾಲಂ ಮಾಡಿ ಕೊಡುವುದು ಅವರ ಕೆಲಸ. ಅಲ್ಲಿ ಆದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇನ್ನೊಂದು ಸಂಘದಲ್ಲಿ ಹೀಗಾಗಬಾರದು.

ಮೊದಲ ವಾರವೇ ಒಂದು ತಪ್ಪು ಸಿಕ್ಕಿತ್ತು. ನಮ್ಮ ಟೆಸ್ಟರ್ ಹಾಲನ್ನು ಲೀಟರ್, ಮಿಲಿ ಲೀಟರ್ ಅಂತ ನಡುವೆ ಗೆರೆ ಹಾಕಿ ಬರೆಯುತ್ತಾರೆ. 4 ಲೀಟರ್ 500 ಮಿಲಿ ಆದರೆ 4-500, 4 ಲೀಟರ್ 50 ಮಿಲಿ ಆದರೆ 4-50. ಹಳೇ ಕಾಲದ ಅಭ್ಯಾಸ, ಊರಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಎಕ್ಸೆಲ್‌ಗೆ ಆಗುವುದಿಲ್ಲ. 4-50 ಅಂತ ಹೊಡೆದರೆ ಅದು 1950ರ ಏಪ್ರಿಲ್ ಅಂತ ತಿಳಿದುಕೊಂಡು `Apr-50` ಎಂದು ತೋರಿಸುತ್ತದೆ. ಒಳಗೆ ಆ ತಾರೀಕಿನ ಲೆಕ್ಕ 18354 ಅಂತ ಕೂತಿರುತ್ತದೆ. ಅದನ್ನು ಕೂಡಿದರೆ ಒಬ್ಬ ರೈತ ಒಂದೇ ಹೊತ್ತಿಗೆ ಹದಿನೆಂಟು ಸಾವಿರ ಲೀಟರ್ ಹಾಕಿದ ಹಾಗೆ! ಅದೇ 4-500 ಅನ್ನು ಬರೀ ಅಕ್ಷರ ಅಂತ ಬಿಟ್ಟುಬಿಡುತ್ತದೆ, ಟೋಟಲ್‌ಗೆ ಸೇರಿಸುವುದೇ ಇಲ್ಲ.

ಅಂಗಡಿಯ ಹುಡುಗ ಇದನ್ನು ನೋಡಿ ಗೆರೆ ಇದ್ದ ಕಡೆಯೆಲ್ಲ ಚುಕ್ಕಿ ಹಾಕಿದ. 4-500 ಈಗ 4.500 ಆಯಿತು, ಅದು ಸರಿ. ಆದರೆ 4-50 ಆದದ್ದು 4.50, ಅಂದರೆ ನಾಲ್ಕೂವರೆ ಲೀಟರ್. ಅದು 4.050 ಆಗಬೇಕಿತ್ತು. ಒಂದೊಂದು ಕಡೆಯೂ 450 ಮಿಲಿ ಜಾಸ್ತಿ. ಒಂದು ಬೆಳಗಿನ ಹೊತ್ತಿನಲ್ಲಿ ಇಂಥವು ಆರು ಇದ್ದವು. ಪುಸ್ತಕದ ಕೆಳಗೆ ಕಾರ್ಯದರ್ಶಿ ಬರೆದಿದ್ದ ಟೋಟಲ್ 412.350, ಎಕ್ಸೆಲ್ ಟೋಟಲ್ 415.050. ವ್ಯತ್ಯಾಸ 2.700. ಆರು ಸಲ 450 ಅಂದರೆ ಅಷ್ಟೇ ತಾನೇ? ಕೂತು ಹುಡುಕಿ ಸರಿ ಮಾಡಿದೆವು.

ಟೋಟಲ್ ನೋಡಿದ್ದರಿಂದಲೇ ತಪ್ಪು ಸಿಕ್ಕಿತು ಅಂತ ನಮಗೆ ಧೈರ್ಯ ಬಂತು. ಅಲ್ಲಿಂದ ಮುಂದೆ ಪ್ರತಿ ವಾರ ಹದಿನಾಲ್ಕು ಹೊತ್ತಿನ ಲೀಟರ್ ಟೋಟಲ್ ತಾಳೆ ನೋಡುವುದು, ಸರಿ ಇದ್ದರೆ ಬ್ಯಾಂಕಿಗೆ ಕಳಿಸುವುದು. ಇದಕ್ಕಿಂತ ಏನು ಬೇಕು ಅಂದುಕೊಂಡೆವು. ನಾವು ಏಮಾರಿದ್ದು ಇಲ್ಲೇ.

ಐದನೇ ವಾರದ ಬಟವಾಡೆ ಆದ ಮೇಲೆ 22ನೇ ನಂಬರಿನ ಅಕ್ಕ ಡೇರಿಗೆ ಬಂದರು. ಅವರದು ಒಂದೇ ಜರ್ಸಿ ಹಸು. ಹೊತ್ತಿಗೆ ಆರು ಲೀಟರ್, ಫ್ಯಾಟ್ 4.8ರ ಆಸುಪಾಸು. "ಅಣ್ಣ, ಹಸು ಅದೇ, ಮೇವು ಅದೇ, ಹಾಲೂ ಅಷ್ಟೇ ಹಾಕಿದೀನಿ. ದುಡ್ಡು ಯಾಕೆ ಐವತ್ತು ರೂಪಾಯಿ ಮೇಲೆ ಕಮ್ಮಿ ಬಂತು?" ಅಂತ ಕೇಳಿದರು. ಕೈಯಲ್ಲಿ ಹಾಲಿನ ಕಾರ್ಡ್ ಇತ್ತು. ಸೆರಗಲ್ಲಿ ಸುತ್ತಿ ಇಟ್ಟುಕೊಂಡಿದ್ದ ಆ ಕಾರ್ಡಿನಲ್ಲಿ ಟೆಸ್ಟರ್ ಕೈಯಿಂದಲೇ ಬರೆದ ಹದಿನಾಲ್ಕು ಹೊತ್ತಿನ ಫ್ಯಾಟ್ ಇತ್ತು. ಎಕ್ಸೆಲ್ ಜೊತೆ ಇಟ್ಟು ನೋಡಿದೆ. ಹನ್ನೊಂದು ಹೊತ್ತು ಸರಿ ಇತ್ತು. ಮೂರು ಹೊತ್ತಿನಲ್ಲಿ ಕಾರ್ಡಿನಲ್ಲಿ 4.8, ಹಾಳೆಯಲ್ಲಿ 3.6.

ಪುಸ್ತಕ ತೆಗೆದೆ. ಅಲ್ಲೂ 22ರ ಎದುರು 4.8 ಇತ್ತು. 3.6 ಯಾರದು ಅಂತ ನೋಡಿದರೆ 23ನೇ ನಂಬರಿನವರದು. 4.8 ಎಲ್ಲಿ ಹೋಯಿತು ಅಂತ ಹಾಳೆಯಲ್ಲಿ ಹುಡುಕಿದರೆ 21ನೇ ನಂಬರಿನ ಎದುರು ಕೂತಿತ್ತು. ಅವರದು ಎಚ್‌ಎಫ್ ಹಸುಗಳು, ಹೊತ್ತಿಗೆ 14 ಲೀಟರ್, ಫ್ಯಾಟ್ 3.5. ಅಂದರೆ ಅಲ್ಲಿ ಫ್ಯಾಟ್ ಕಾಲಂ ಒಂದು ಮನೆ ಮೇಲಕ್ಕೆ ಸರಿದಿತ್ತು.

ಯಾಕೆ ಹೀಗಾಯಿತು ಅಂತ ಅಂಗಡಿಗೆ ಹೋಗಿ ಕೂತು ನೋಡಿದ ಮೇಲೆ ಅರ್ಥವಾಯಿತು. ಅಲ್ಲಿ ಒಬ್ಬ ಓದುತ್ತಾನೆ, ಇನ್ನೊಬ್ಬ ಟೈಪ್ ಮಾಡುತ್ತಾನೆ. ಅದೂ ಒಂದೊಂದು ಕಾಲಂ ಮೇಲಿಂದ ಕೆಳಗೆ. ಮೊದಲು ಲೀಟರ್ ಪೂರ್ತಿ, ಆಮೇಲೆ ಫ್ಯಾಟ್ ಪೂರ್ತಿ. 17ನೇ ನಂಬರಿನವರು ಹಸು ಗಬ್ಬ ಅಂತ ಹಾಲು ಬತ್ತಿಸಿದ್ದರು. ಅವರ ಎದುರು ಲೀಟರ್ ಜಾಗದಲ್ಲಿ ಸೊನ್ನೆ ಇತ್ತು, ಫ್ಯಾಟ್ ಜಾಗ ಖಾಲಿ. ಸೊನ್ನೆಯನ್ನು ಓದಬಹುದು. ಖಾಲಿ ಜಾಗವನ್ನು ಓದುವವನು ಏನಂತ ಓದುತ್ತಾನೆ? ಸುಮ್ನೆ ಮುಂದಿನದಕ್ಕೆ ಹೋದ. ಹಾಗಾಗಿ 18ರ ಫ್ಯಾಟ್ 17ಕ್ಕೆ ಬಂತು, 19ರದ್ದು 18ಕ್ಕೆ, ಹೀಗೇ ಕೆಳಗಿನ ತನಕ.

ಹಾಗಾದರೆ ಕೊನೆಯಲ್ಲಿ ಒಂದು ಫ್ಯಾಟ್ ಕಮ್ಮಿ ಬೀಳಬೇಕಲ್ವಾ? ಬೇರೆ ಹೊತ್ತುಗಳಲ್ಲಿ ಹಾಗೇ ಬಿದ್ದಿತ್ತಂತೆ. 64ರ ಎದುರು ಖಾಲಿ ಉಳಿದಾಗ ಹುಡುಗರೇ ಹಿಂದಕ್ಕೆ ಹೋಗಿ ಸರಿ ಮಾಡಿದ್ದರು. ಆದರೆ ಈ ಮೂರು ಹೊತ್ತಿನಲ್ಲಿ 31ನೇ ನಂಬರಿನ ಹಾಲಿನ ಮೇಲೆ ಅನುಮಾನ ಬಂದು ಟೆಸ್ಟರ್ ಎರಡನೇ ಸಲ ಪರೀಕ್ಷೆ ಮಾಡಿದ್ದರು. ಮೊದಲು 3.4, ಆಮೇಲೆ 3.6. ಮೊದಲಿನದನ್ನು ಹೊಡೆದು ಹಾಕದೆ ಅದರ ಕೆಳಗೇ ಎರಡನೆಯದನ್ನು ಸಣ್ಣದಾಗಿ ಬರೆದಿದ್ದರು. ಓದುವವನು ಎರಡನ್ನೂ ಓದಿದ. 3.4 ಹೋಗಿ 30ರ ಎದುರು ಕೂತಿತು, 3.6 ಸರಿಯಾಗಿ 31ಕ್ಕೆ ಬಂತು. ಮೇಲೆ ಒಂದು ಬಿಟ್ಟಿತ್ತು, ಕೆಳಗೆ ಒಂದು ಸೇರಿತು. 32ರಿಂದ 64ರ ತನಕ ಎಲ್ಲ ಸರಿ. 18ರಿಂದ 30ರ ತನಕ ಹದಿಮೂರು ಜನರಿಗೆ ತಮ್ಮ ಕೆಳಗಿನವರ ಫ್ಯಾಟ್. ಲೀಟರ್ ಟೋಟಲ್ ಮಿಲಿ ಲೀಟರ್ ಬಿಡದೆ ತಾಳೆ!

ದುಡ್ಡಿನಲ್ಲಿ ಎಷ್ಟು ಅಂತ ನೋಡಿ. ಲೆಕ್ಕ ಸುಲಭವಾಗಲಿ ಅಂತ 3.5 ಫ್ಯಾಟಿಗೆ ಲೀಟರಿಗೆ 36 ರೂಪಾಯಿ, ಪ್ರತಿ 0.1ಕ್ಕೆ 25 ಪೈಸೆ ಜಾಸ್ತಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಸಂಘದ ದರಪಟ್ಟಿ ಬೇರೆ ಇರುತ್ತದೆ. ಅಕ್ಕನ 4.8ಕ್ಕೆ ದರ 39.25, ಆರು ಲೀಟರಿಗೆ 235.50. 3.6 ಆದಾಗ ದರ 36.25, ಸಿಕ್ಕಿದ್ದು 217.50. ಹೊತ್ತಿಗೆ 18 ರೂಪಾಯಿ, ಮೂರು ಹೊತ್ತಿಗೆ 54. ಅತ್ತ 21ನೇ ನಂಬರಿನವರಿಗೆ 14 ಲೀಟರಿಗೂ 3.25 ಜಾಸ್ತಿ, ಹೊತ್ತಿಗೆ 45.50. ಅಂದರೆ ಅಕ್ಕನಿಗೆ ಕಳೆದದ್ದಕ್ಕಿಂತ ಜಾಸ್ತಿ ಸಂಘದ ಕೈಯಿಂದ ಬೇರೆಯವರಿಗೆ ಹೋಗಿತ್ತು. ಐದು ವಾರದ ಎಲ್ಲ ಹಾಳೆ ತಿರುವಿ ಹಾಕಿದಾಗ ಇಂಥ ಸರಿತ ಒಟ್ಟು 11 ಹೊತ್ತಿನಲ್ಲಿ ಸಿಕ್ಕಿತು. ಬತ್ತಿದ ಹಸು ಮತ್ತು ಎರಡನೇ ಪರೀಕ್ಷೆ ಒಂದೇ ಹೊತ್ತಿನಲ್ಲಿ ಬಂದಾಗೆಲ್ಲ ಆಗಿತ್ತು.

ನನಗೆ ಹೊಟ್ಟೆ ಉರಿದದ್ದು ಯಾಕೆ ಅಂದರೆ ಸುಳಿವು ಹಾಳೆಯಲ್ಲೇ ಇತ್ತು. 17ರ ಎದುರು ಲೀಟರ್ ಸೊನ್ನೆ, ಫ್ಯಾಟ್ 3.7. ಹಾಲೇ ಇಲ್ಲದ ಮೇಲೆ ಫ್ಯಾಟ್ ಎಲ್ಲಿಂದ ಬಂತು? ಅದೊಂದನ್ನು ನೋಡಿದ್ದರೂ ಸಾಕಿತ್ತು.

ಆರನೇ ವಾರದಿಂದ ನಾವೇ ಟೈಪ್ ಮಾಡಿದೆವು. ಕಾಲಂ ಅಲ್ಲ, ಸಾಲು ಸಾಲಾಗಿ: ನಂಬರ್, ಲೀಟರ್, ಮಿಲಿ, ಫ್ಯಾಟ್, ಆಮೇಲೆ ಮುಂದಿನ ನಂಬರ್. ಹಾಲು ಹಾಕದವರ ನಂಬರ್ ಕೂಡ ಬಿಡುವ ಹಾಗಿಲ್ಲ. ಲೀಟರ್‌ಗೆ `D`, ಮಿಲಿಗೆ `E` ಅಂತ ಬೇರೆ ಬೇರೆ ಕಾಲಂ ಮಾಡಿದೆವು, ಗೆರೆ ಚುಕ್ಕಿಯ ತಂಟೆಯೇ ಬೇಡ ಅಂತ. `F` ಕಾಲಂ ಅವೆರಡನ್ನೂ ಸೇರಿಸುತ್ತದೆ, `G` ಫ್ಯಾಟ್. `J` ಕಾಲಂನಲ್ಲಿ ಹಾಲಿಲ್ಲದ ಫ್ಯಾಟ್, ಫ್ಯಾಟ್ ಇಲ್ಲದ ಹಾಲು ಎರಡನ್ನೂ ಹಿಡಿಯುವ ಸೂತ್ರ:

```
F2:  =D2+E2/1000
J2:  =IF((F2>0)<>(G2>0),"ನೋಡಿ","")
```

ಎಲ್ಲಿ "ನೋಡಿ" ಅಂತ ಬಂತೋ ಅಲ್ಲಿ ಪುಸ್ತಕ ತೆಗೆಯಬೇಕು. ಎಸ್‌ಎನ್‌ಎಫ್ ಕಾಲಂ ಇದ್ದರೆ ಅದಕ್ಕೂ ಇದೇ ಸೂತ್ರ ಹಾಕಿ.

ಇದರ ಜೊತೆಗೆ ಪ್ರತಿಯೊಬ್ಬರ ಫ್ಯಾಟನ್ನೂ ಅವರದೇ ಹಿಂದಿನ ದಿನದ ಫ್ಯಾಟ್ ಜೊತೆ ನೋಡುತ್ತೇವೆ. 0.5ಕ್ಕಿಂತ ಜಾಸ್ತಿ ಏರುಪೇರು ಇದ್ದರೆ ಕಾರ್ಡ್ ತರಿಸುತ್ತೇವೆ. ಬೆಳಗಿನದನ್ನು ಬೆಳಗಿನದಕ್ಕೇ ಹೋಲಿಸಿ. ರಾತ್ರಿಯ ಅಂತರ ಉದ್ದವಾದ್ದರಿಂದ ಬೆಳಗ್ಗೆ ಹಾಲು ಜಾಸ್ತಿ, ಫ್ಯಾಟ್ ಸ್ವಲ್ಪ ಕಮ್ಮಿ. ಸಂಜೆ ಅದಕ್ಕೆ ಉಲ್ಟಾ. ಆದರೆ ಅಕ್ಕಪಕ್ಕದ ನಂಬರಿನ ಇಬ್ಬರದೂ ಎಚ್‌ಎಫ್, ಒಬ್ಬರದು 3.5, ಇನ್ನೊಬ್ಬರದು 3.6 ಆಗಿದ್ದರೆ ಈ ಹೋಲಿಕೆಗೆ ತಪ್ಪು ಸಿಗುವುದಿಲ್ಲ. ಅದಕ್ಕೇ ಸಾಲು ಸಾಲಾಗಿ ಟೈಪ್ ಮಾಡುವುದೇ ಮುಖ್ಯ ಅಂತ ಹೇಳುವುದು.

ವಾರದ ಫ್ಯಾಟ್ ಸರಾಸರಿ ಬಗ್ಗೆಯೂ ಒಂದು ಮಾತು. ಅಂಗಡಿಯವರು `AVERAGE` ಹಾಕಿದ್ದರು. ಬೆಳಗ್ಗೆ 8 ಲೀಟರ್ 3.5, ಸಂಜೆ 4 ಲೀಟರ್ 4.1 ಆದರೆ ಅದು 3.8 ತೋರಿಸುತ್ತದೆ. ಹಾಲಿನ ಲೆಕ್ಕ ಹಿಡಿದರೆ ನಿಜವಾಗಿ ಬರುವುದು 3.7. ಒಬ್ಬ ಸದಸ್ಯರ ಹದಿನಾಲ್ಕು ಹೊತ್ತು 2ರಿಂದ 15ನೇ ಸಾಲಿನವರೆಗೆ ಇದ್ದರೆ ಹೀಗೆ ಹಾಕಿ:

```
=SUMPRODUCT(F2:F15,G2:G15)/SUM(F2:F15)
```

ಇದು ಬರೀ ನೋಡುವುದಕ್ಕೆ. ದುಡ್ಡನ್ನು ಮಾತ್ರ ಒಂದೊಂದು ಹೊತ್ತಿಗೂ ಬೇರೆಯಾಗಿ ಲೆಕ್ಕ ಹಾಕಿ ಆಮೇಲೆ ಕೂಡಬೇಕು. ಸರಾಸರಿ ಫ್ಯಾಟಿಗೆ ದರ ಹಿಡಿದು ಗುಣಿಸಬೇಡಿ.

ಟೆಸ್ಟರ್‌ಗೂ ಒಂದು ವಿಷಯ ಹೇಳಿದೆವು. ಎರಡನೇ ಸಲ ಪರೀಕ್ಷೆ ಮಾಡಿದರೆ ಮೊದಲಿನದನ್ನು ಹೊಡೆದು ಹಾಕಬೇಕು, ಹಾಲು ಬಾರದವರ ಫ್ಯಾಟ್ ಜಾಗದಲ್ಲಿ ಅಡ್ಡಗೆರೆ ಎಳೆಯಬೇಕು. ಅವರು ಅಂದಿನಿಂದ ಹಾಗೇ ಮಾಡುತ್ತಿದ್ದಾರೆ.

ಕಮ್ಮಿ ಬಂದವರಿಗೆಲ್ಲ ಮುಂದಿನ ಬಟವಾಡೆಯಲ್ಲಿ ಬಾಕಿ ಸೇರಿಸಿ ಕೊಟ್ಟೆವು. ಜಾಸ್ತಿ ಹೋದದ್ದನ್ನು ವಾಪಸ್ ಪಡೆಯುವುದೇ ಕಷ್ಟವಾಯಿತು. 21ನೇ ನಂಬರಿನವರು ಪುಸ್ತಕ ನೋಡಿದ ತಕ್ಷಣ "ನಂದಲ್ಲದ್ದು ನಂಗೆ ಬೇಡ, ಹಿಡ್ಕೊಳ್ಳಿ" ಅಂದರು. ಇನ್ನಿಬ್ಬರು ಒಪ್ಪಲಿಲ್ಲ. ತಪ್ಪು ನಿಮ್ಮದು, ನಾವ್ಯಾಕೆ ಕೊಡಬೇಕು ಅಂತ ಕೇಳಿದರು. ಆ ದುಡ್ಡು ಇನ್ನೂ ಸಂಘದ ಲೆಕ್ಕದಲ್ಲಿ ಬಾಕಿ ಅಂತಲೇ ಇದೆ. ಮುಂದಿನ ಸಭೆಯಲ್ಲಿ 11 ಹೊತ್ತಿನ ಪುಸ್ತಕದ ಪುಟಗಳನ್ನೂ ಹಾಳೆಯನ್ನೂ ಎಲ್ಲರ ಮುಂದೆ ಇಡುತ್ತಿದ್ದೇವೆ.