1200 ಡಾಲರ್ ಪೂರ್ತಿ ವಾಪಸ್ ಬಂತು, 7,936 ರೂಪಾಯಿ ಹೋಯ್ತು

ವಿದೇಶಿ ಹೋಟೆಲ್ ಬುಕ್ ಮಾಡುವಾಗ "ಉಚಿತ ರದ್ದತಿ" ಅಂತ ಹಸಿರು ಅಕ್ಷರದಲ್ಲಿ ಕಂಡ ತಕ್ಷಣ ಕ್ರೆಡಿಟ್ ಕಾರ್ಡ್ ನಂಬರ್ ಹಾಕುವವರು ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ಮಾಡಿದವನು. ಹೋದದ್ದು ನನ್ನ ದುಡ್ಡಲ್ಲ, ಅಪ್ಪ ಎಫ್‌ಡಿ ಮುರಿಸಿ ಕೊಟ್ಟ ದುಡ್ಡು. ಅದಕ್ಕೇ ಇನ್ನೂ ಸಂಕಟ.

ಅಣ್ಣ ನ್ಯೂಜೆರ್ಸಿಯಲ್ಲಿ ಮನೆ ತಗೊಂಡ. 2025ರ ಜೂನ್‌ನಲ್ಲಿ ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿ, ಹಾಗೇ ವಾಷಿಂಗ್ಟನ್, ನಯಾಗರ ನೋಡಿಕೊಂಡು ಬರೋಣ ಅಂತ ಮಾತಾಗಿತ್ತು. ಫೆಬ್ರವರಿ ಮೊದಲ ವಾರದಲ್ಲಿ ಒಂದು ವಿದೇಶಿ ಬುಕಿಂಗ್ ಸೈಟ್‌ನಲ್ಲಿ ಎರಡೂ ಊರಿನ ರೂಮುಗಳನ್ನು ಒಟ್ಟಿಗೆ ಬುಕ್ ಮಾಡಿದೆ. ಒಟ್ಟು 1200 ಡಾಲರ್, ಮುಂಗಡವಾಗಿ ಪೂರ್ತಿ ಪಾವತಿ, ಮೇ ತಿಂಗಳವರೆಗೂ ರದ್ದು ಮಾಡಿದರೆ ಪೂರ್ತಿ ವಾಪಸ್. ಮಾರ್ಚ್‌ನಲ್ಲಿ ಅಮ್ಮನ ಮೊಣಕಾಲಿಗೆ ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಮಾರ್ಚ್ 24ಕ್ಕೆ ಬುಕಿಂಗ್ ರದ್ದು ಮಾಡಿದೆ. "1200 ಡಾಲರ್ ಪೂರ್ತಿ ಹಿಂತಿರುಗಿಸಲಾಗುವುದು" ಅಂತ ಅದೇ ದಿನ ಇಮೇಲ್ ಬಂತು. ಸಮಾಧಾನ ಆಯ್ತು, ಆಸ್ಪತ್ರೆ ಓಡಾಟದಲ್ಲಿ ಅದನ್ನು ಮರೆತೂಬಿಟ್ಟೆ.

ಮೇ ಮೊದಲ ವಾರ ಬ್ಯಾಂಕಿನ ಮೆಸೇಜ್ ಬಂತು: ಕಾರ್ಡಿಗೆ 1,01,400 ರೂಪಾಯಿ ಜಮಾ. ಫೆಬ್ರವರಿಯ ಮೆಸೇಜ್ ಹುಡುಕಿ ತೆಗೆದೆ. ಅದರಲ್ಲಿ 1,05,000 ಇತ್ತು. ಎರಡರ ಮಧ್ಯೆ 3,600 ರೂಪಾಯಿ ಕಮ್ಮಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ಸರ್, ಡಾಲರ್ ರೇಟ್ ಚೇಂಜ್ ಆಗಿದೆ, ಅದಕ್ಕೆ ಕಮ್ಮಿ ಬಂದಿದೆ" ಅಂದಳು ಹುಡುಗಿ. ಅವಳು ಹೇಳಿದ್ದು ನಿಜ. ಫೆಬ್ರವರಿ ಮೊದಲಾರ್ಧದಲ್ಲಿ ರೂಪಾಯಿ ಕುಸಿದು, ಡಾಲರ್ ಬೆಲೆ 88ರ ಹತ್ತಿರ ಹೋಗಿತ್ತು. ಆಮೇಲೆ ರೂಪಾಯಿ ಚೇತರಿಸಿಕೊಂಡು ಮಾರ್ಚ್ ಕೊನೆಗೆ 85.50ರ ಆಸುಪಾಸು, ಮೇ ಆರಂಭದಲ್ಲಿ 84ರ ಆಸುಪಾಸಿಗೆ ಬಂತು. ನನಗೆ ಖರ್ಚಿನ ದಿನ ಬಿದ್ದ ದರ 87.50, ರಿಫಂಡ್ ದಿನ ಸಿಕ್ಕ ದರ 84.50. ಡಾಲರಿಗೆ 3 ರೂಪಾಯಿಯಂತೆ 1200 ಡಾಲರಿಗೆ 3,600. ಲೆಕ್ಕ ಸರಿಯಾಗಿಯೇ ಇದೆ.

ನಾನು ತಿಳಿದುಕೊಂಡಿದ್ದೇ ತಪ್ಪು. ರಿಫಂಡ್ ಅಂದರೆ ಹಳೇ ವ್ಯವಹಾರವನ್ನು ಅಳಿಸಿ ಹಾಕುವುದು ಅಂದುಕೊಂಡಿದ್ದೆ. ಹಾಗಲ್ಲ. ದುಡ್ಡು ಒಮ್ಮೆ ಅಂಗಡಿಯವರ ಖಾತೆಗೆ ಹೋಗಿ ಸೇರಿದ ಮೇಲೆ, ಅವರು ಕೊಡುವ ರಿಫಂಡ್ ಹೊಸದೇ ಒಂದು ವ್ಯವಹಾರ. ಅವರು ತೆಗೆದುಕೊಂಡಿದ್ದು 1200 ಡಾಲರ್, ವಾಪಸ್ ಕೊಟ್ಟಿದ್ದೂ 1200 ಡಾಲರ್, ಅವರ ಮಟ್ಟಿಗೆ ಬಾಕಿ ಚುಕ್ತಾ. ಆ ಡಾಲರನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನವರು ರೂಪಾಯಿಗೆ ಬದಲಾಯಿಸುವುದು ರಿಫಂಡ್ ಅವರ ಕೈಗೆ ಬಂದ ದಿನದ ದರಕ್ಕೆ. ನೀವು ಕೊಂಡ ದಿನದ ದರ ಅಲ್ಲಿ ಲೆಕ್ಕಕ್ಕೇ ಇಲ್ಲ. ಮಧ್ಯದ ಮೂರು ತಿಂಗಳು ದರ ಏನಾದರೂ ಆಗಲಿ, ಲಾಭವೋ ನಷ್ಟವೋ ಕಾರ್ಡ್ ಇಟ್ಟುಕೊಂಡವರದ್ದೇ. ರೂಪಾಯಿ ಇನ್ನೂ ಕುಸಿದಿದ್ದರೆ ನನಗೆ ಕೊಟ್ಟಿದ್ದಕ್ಕಿಂತ ಹೆಚ್ಚೇ ಬರುತ್ತಿತ್ತು. ಆದ್ದರಿಂದ ಈ 3,600ನ್ನು ಬ್ಯಾಂಕ್ ನುಂಗಿತು ಅಂತ ನಾನು ಹೇಳಲಾರೆ.

ಆವತ್ತು ರಾತ್ರಿ ಊಟ ಆದ ಮೇಲೆ ಅಪ್ಪ ಕಾರ್ಡಿನ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ಕೊಡು ಅಂದರು. ಅವರಿಗೆ ಮೊಬೈಲಿನಲ್ಲಿ ನೋಡಿದರೆ ತೃಪ್ತಿ ಇಲ್ಲ. ಕನ್ನಡಕ ಏರಿಸಿಕೊಂಡು, ಒಂದೊಂದೇ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುತ್ತಾ ಹೋದವರು ಫೆಬ್ರವರಿಯ ಹಾಳೆಯಲ್ಲಿ ನಿಂತರು. "ಇದೇನೋ ಇದು, 3,675 ರೂಪಾಯಿ? ಅದರ ಕೆಳಗೆ ಇನ್ನೊಂದು 661.50 ಇದೆಯಲ್ಲ?"

ನಾನು ನೋಡಿಯೇ ಇರಲಿಲ್ಲ. ಮೆಸೇಜ್‌ನಲ್ಲಿ ಬಂದದ್ದು 1,05,000 ಮಾತ್ರ. ವಿದೇಶಿ ಕರೆನ್ಸಿ ಶುಲ್ಕ, ಅಂದರೆ ಫಾರೆಕ್ಸ್ ಮಾರ್ಕಪ್, ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಾಗಿ ಬಿದ್ದಿತ್ತು. ನನ್ನ ಕಾರ್ಡಿಗೆ ಅದು ಶೇಕಡಾ 3.5. 1,05,000ಕ್ಕೆ 3,675. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, 661.50. ಅಲ್ಲಿಗೆ ಫೆಬ್ರವರಿಯಲ್ಲಿ ನಾವು ನಿಜವಾಗಿ ಕಟ್ಟಿದ್ದು 1,09,336.50. ಬಂದದ್ದು 1,01,400. ಕಳೆದುಕೊಂಡದ್ದು 7,936.50.

ಇದರಲ್ಲಿ ದರದ ಏರಿಳಿತಕ್ಕೆ ಹೋದದ್ದು 3,600. ಉಳಿದ 4,336.50 ಮಾರ್ಕಪ್ ಮತ್ತು ಅದರ ತೆರಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ನಷ್ಟಕ್ಕೂ ಡಾಲರ್ ದರಕ್ಕೂ ಸಂಬಂಧವೇ ಇಲ್ಲ. ಡಾಲರ್ 87.50ರಲ್ಲೇ ನಿಂತಿದ್ದರೂ ಆ ದುಡ್ಡು ಹೋಗುತ್ತಿತ್ತು. ಕಸ್ಟಮರ್ ಕೇರ್‌ನವರು "ರೇಟ್ ಚೇಂಜ್" ಅಂದಾಗ ಅಲ್ಲಿಗೇ ಫೋನ್ ಇಟ್ಟುಬಿಡುವವರು ಎಷ್ಟೋ ಜನ ಇರುತ್ತಾರೆ. ದಯವಿಟ್ಟು ಇಡಬೇಡಿ. "ಖರ್ಚಿನ ದಿನ ಹಾಕಿದ ಮಾರ್ಕಪ್ ಮತ್ತು ಜಿಎಸ್‌ಟಿ ವಾಪಸ್ ಮಾಡುತ್ತೀರಾ, ಇಲ್ಲವಾ" ಅಂತ ನೇರವಾಗಿ ಕೇಳಿ. ಬ್ಯಾಂಕಿನಿಂದ ಬ್ಯಾಂಕಿಗೆ ನಿಯಮ ಬೇರೆ. ಕೆಲವರು ರಿಫಂಡ್ ಬಂದರೆ ಶುಲ್ಕವನ್ನೂ ತಿರುಗಿಸುತ್ತಾರೆ, ಹಲವರು ತಿರುಗಿಸುವುದಿಲ್ಲ. ನನ್ನ ಬ್ಯಾಂಕ್ ಎರಡನೆಯ ಗುಂಪಿನದು. ಇಮೇಲ್ ಬರೆದೆ, ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ಬರೆದೆ. ಕಾರ್ಡ್ ಜೊತೆ ಕೊಡುವ ಮುಖ್ಯ ನಿಯಮಗಳ ಕಾಗದದಲ್ಲಿ ಈ ಶುಲ್ಕ ವಾಪಸ್ ಇಲ್ಲ ಅಂತ ಬರೆದಿದೆ, ಅದೇ ಉತ್ತರ. ತೆಗೆದು ನೋಡಿದೆ, ಇತ್ತು. ಸಣ್ಣ ಅಕ್ಷರದಲ್ಲಿ, ಆದರೆ ಇತ್ತು. ನಿಯಮದಲ್ಲಿ ವಾಪಸ್ ಕೊಡುತ್ತೇವೆ ಅಂತಿದ್ದೂ ಕೊಡದಿದ್ದರೆ ಮಾತ್ರ ನಿಮಗೆ ಗಟ್ಟಿ ನೆಲ ಸಿಕ್ಕಂತೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ನಾನು ಹಾಕಲಿಲ್ಲ, ನನ್ನ ನಿಯಮದ ಕಾಗದವೇ ನನ್ನ ವಿರುದ್ಧ ಇತ್ತು.

ನನಗೆ ನಿಜವಾಗಿ ಸಿಟ್ಟಿರುವುದು ಬುಕಿಂಗ್ ಸೈಟ್‌ನವರ ಮೇಲೆ. ಮಾರ್ಚ್ 24ಕ್ಕೆ ರದ್ದಾದ ಬುಕಿಂಗ್‌ನ ದುಡ್ಡು ಬರಲು ಮೇ ಯಾಕೆ ಬೇಕಾಯ್ತು? ರದ್ದು ಮಾಡಿದ ದಿನ ಡಾಲರ್ ಸುಮಾರು 85.60 ಇತ್ತು. ಆಗಲೇ ಕಳಿಸಿದ್ದರೆ 1,02,720 ಬರುತ್ತಿತ್ತು. ತಡ ಮಾಡಿದ್ದಕ್ಕೆ ನನಗೆ 1,320 ಹೆಚ್ಚು ಹೊಡೆತ. ಮೊದಲು ಕೇಳಿದಾಗ "ನಾವು ಯಾವತ್ತೋ ಕಳಿಸಿದ್ದೇವೆ, ನಿಮ್ಮ ಬ್ಯಾಂಕ್ ತಡ ಮಾಡಿದೆ" ಅಂದರು. ಬ್ಯಾಂಕಿನವರು "ನಮಗೆ ಬಂದ ತಕ್ಷಣ ಹಾಕಿದ್ದೇವೆ" ಅಂದರು. ಈ ಕಡೆ ಆ ಕಡೆ ಚೆಂಡು ಎಸೆಯುವ ಆಟ ನಿಲ್ಲಿಸಿದ್ದು ಎಆರ್‌ಎನ್ ನಂಬರ್. ಪ್ರತಿ ರಿಫಂಡಿಗೂ 23 ಅಂಕಿಯ ಈ ನಂಬರ್ ಇರುತ್ತದೆ. ಅಂಗಡಿಯವರ ಕಡೆಯ ಬ್ಯಾಂಕ್ ರಿಫಂಡನ್ನು ನಿಜವಾಗಿ ಕಳಿಸಿದಾಗಲೇ ಅದು ಹುಟ್ಟುವುದು. ಅದನ್ನು ಕೊಡಿ ಅಂತ ಸೈಟ್‌ನವರಿಗೆ ಪಟ್ಟು ಹಿಡಿದೆ. ಕೊಟ್ಟರು, ಬ್ಯಾಂಕಿನವರು ಹುಡುಕಿದರು. ರಿಫಂಡ್ ಹೊರಟಿದ್ದೇ ಮೇ ಆರಂಭದಲ್ಲಿ ಅಂತ ಗೊತ್ತಾಯ್ತು. ಅದನ್ನು ತೋರಿಸಿದ ಮೇಲೂ ಸೈಟ್‌ನವರು "ವಿನಿಮಯ ದರಕ್ಕೆ ನಾವು ಹೊಣೆಯಲ್ಲ" ಅಂತ ಒಂದು ಸಾಲು ಬರೆದು ನನ್ನ ದೂರನ್ನು ಮುಚ್ಚಿದರು. ರದ್ದು ಮಾಡಿ ವಾರದೊಳಗೆ ನಾನು ಈ ನಂಬರ್ ಕೇಳಿದ್ದರೆ, ದುಡ್ಡು ಹೊರಟೇ ಇಲ್ಲ ಅನ್ನುವುದು ಆಗಲೇ ಗೊತ್ತಾಗುತ್ತಿತ್ತು. ಆ ಒಂದು ವಿಷಯದಲ್ಲಿ ನಾನು ಸುಮ್ಮನೆ ಕೂರಬಾರದಿತ್ತು.

ನಿಮಗೆ ಸಿಕ್ಕ ದರ ಸರಿಯೋ ತಪ್ಪೋ ಅಂತ ನೀವೇ ನೋಡಬಹುದು. ಮೊದಲು ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿ. ಆಮೇಲೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಕಂಪನಿಗಳ ವೆಬ್‌ಸೈಟ್‌ನಲ್ಲಿರುವ ದರ ಲೆಕ್ಕ ಹಾಕುವ ಪುಟದಲ್ಲಿ ನಿಮ್ಮ ಕಾರ್ಡಿನ ಕಂಪನಿಯದ್ದು ತೆರೆದು, ದಿನಾಂಕ ಹಾಕಿ, ಬ್ಯಾಂಕ್ ಶುಲ್ಕದ ಜಾಗದಲ್ಲಿ ಸೊನ್ನೆ ಇಟ್ಟು ನೋಡಿ. ನೀವು ಕಾರ್ಡ್ ಉಜ್ಜಿದ ದಿನಕ್ಕಿಂತ ಒಂದೆರಡು ದಿನ ಆಚೆಯ ದರ ಬಿದ್ದಿರಬಹುದು, ವ್ಯವಹಾರ ಅವರಲ್ಲಿ ಸೆಟಲ್ ಆದ ದಿನದ ದರ ಅದು. ರಿಫಂಡ್ ದಿನದ ದರಕ್ಕಿಂತ ನಿಮಗೆ ಬಂದದ್ದು ಶೇಕಡಾ ಎರಡು ಮೂರರಷ್ಟು ಕಮ್ಮಿ ಇದ್ದರೆ, ಬ್ಯಾಂಕ್ ರಿಫಂಡ್ ಮೇಲೂ ಏನೋ ಕಡಿತ ಮಾಡಿದೆ ಅಂತ ಅನುಮಾನಿಸಿ ಲಿಖಿತದಲ್ಲಿ ವಿವರ ಕೇಳಿ.

ಮತ್ತೆ, "ಡಾಲರ್ ತೊಂದರೆಯೇ ಬೇಡ, ರೂಪಾಯಲ್ಲೇ ಕಟ್ಟಿಬಿಡೋಣ" ಅಂತ ಅನ್ನಿಸಿದರೆ ಸ್ವಲ್ಪ ತಡೆಯಿರಿ. ವಿದೇಶಿ ಸೈಟ್ ರೂಪಾಯಲ್ಲಿ ಬೆಲೆ ತೋರಿಸಿದರೆ, ಎಷ್ಟೋ ಸಲ ಅವರೇ ತಮ್ಮ ದುಬಾರಿ ದರದಲ್ಲಿ ಬದಲಾಯಿಸಿರುತ್ತಾರೆ. ಅದರ ಮೇಲೆ, ಅಂಗಡಿ ವಿದೇಶದ್ದು ಅನ್ನುವ ಕಾರಣಕ್ಕೆ ಕೆಲವು ಬ್ಯಾಂಕುಗಳು ರೂಪಾಯಿ ವ್ಯವಹಾರಕ್ಕೂ ಶುಲ್ಕ ಹಾಕುತ್ತವೆ. ರಿಫಂಡ್ ರೂಪಾಯಲ್ಲೇ ಬಂದರೆ ದರದ ಪೆಟ್ಟು ತಪ್ಪಬಹುದು, ಆದರೆ ಆ ಶುಲ್ಕದ ಪೆಟ್ಟು ಉಳಿಯುತ್ತದೆ.

ಬುಕ್ ಮಾಡಿದ ಕೆಲವೇ ಗಂಟೆಯಲ್ಲಿ ತಪ್ಪಾಯ್ತು ಅನ್ನಿಸಿದರೆ ಕಾಯಬೇಡಿ, ಆಗಲೇ ರದ್ದು ಮಾಡಿ. ದುಡ್ಡು ಇನ್ನೂ ಸೆಟಲ್ ಆಗದೆ ಬರೀ ತಡೆಹಿಡಿದ ಸ್ಥಿತಿಯಲ್ಲಿದ್ದರೆ, ಆ ತಡೆ ಬಿಟ್ಟುಹೋಗುತ್ತದೆ ಅಷ್ಟೆ. ಅಲ್ಲಿ ದರವೂ ಇಲ್ಲ, ಮಾರ್ಕಪ್ಪೂ ಇಲ್ಲ. ಇನ್ನು ರಿಫಂಡ್ ಬರುತ್ತದೆ ಅಂತ ಕಾರ್ಡ್ ಬಿಲ್ ಕಟ್ಟದೆ ಕೂರುವುದಂತೂ ಬೇಡವೇ ಬೇಡ. ನನ್ನ ರಿಫಂಡ್ ಬಿಲ್‌ನ ಕೊನೇ ದಿನ ಕಳೆದು ಎಷ್ಟೋ ವಾರಕ್ಕೆ ಬಂದದ್ದು. ಅಪ್ಪನ ದುಡ್ಡಿನಿಂದ ಪೂರ್ತಿ ಕಟ್ಟಿದ್ದೆವು ಅಂತ ಬಡ್ಡಿಯಾದರೂ ತಪ್ಪಿತು.

ಅಮ್ಮ ಈಗ ಮೆಟ್ಟಿಲು ಹತ್ತುತ್ತಾಳೆ, ಪ್ರಯಾಣದ ಮಾತು ಮತ್ತೆ ಎದ್ದಿದೆ. ಈ ಸಲ ನಾನು ಹುಡುಕುತ್ತಿರುವುದು ಹೋಟೆಲ್‌ಗೆ ಹೋದ ಮೇಲೆ ದುಡ್ಡು ಕಟ್ಟುವ ರೂಮುಗಳನ್ನು. ಒಂದು ರಾತ್ರಿಗೆ ಹತ್ತು ಹನ್ನೆರಡು ಡಾಲರ್ ಹೆಚ್ಚು ಕೇಳುತ್ತಿದ್ದಾರೆ. ಅಪ್ಪ ಆ ಬೆಲೆಯನ್ನು ಹಳೇ ಸ್ಟೇಟ್‌ಮೆಂಟ್‌ನ ಹಿಂಬದಿಯಲ್ಲಿ ಬರೆದು, ಪಕ್ಕದಲ್ಲಿ 7,936 ಅಂತ ಬರೆದು, "ಇದನ್ನೇ ಮಾಡು" ಅಂದಿದ್ದಾರೆ.