ಪಿಐಎಲ್ಲೋ, ಸ್ವಂತ ರಿಟ್ ಅರ್ಜಿಯೋ?

ನ್ಯಾಯಾಂಗ ಪರಿಶೀಲನೆ ಎಂದರೆ ಸರ್ಕಾರದ ಕ್ರಮ ಕಾನೂನುಬದ್ಧವೇ ಎಂದು ನೋಡುವ ಕೋರ್ಟಿನ ಅಧಿಕಾರ. ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಅಂದರೆ ಪಿಐಎಲ್, ಅದನ್ನು ಎಬ್ಬಿಸುವ ದಾರಿಗಳಲ್ಲೊಂದು; ನಿಮ್ಮದೇ ಹಕ್ಕಿಗಾಗಿ ಹಾಕುವ ರಿಟ್ ಅರ್ಜಿ ಇನ್ನೊಂದು. ಹೈಕೋರ್ಟಿನಲ್ಲಿ ಎರಡಕ್ಕೂ ಸಂವಿಧಾನದ 226ನೇ ವಿಧಿಯೇ ಆಧಾರ.

ನೋಟಿಸ್ ಕೊಡದೆ ನಿಮ್ಮ ವಿಧವಾ ವೇತನ ನಿಲ್ಲಿಸಿದ್ದಾರೆಯೇ? ಸ್ವಂತ ರಿಟ್ ಹಾಕಿ. ರದ್ದತಿ ಆದೇಶದ ಪ್ರತಿ ಲಗತ್ತಿಸಿ, ‘ನನ್ನ ಮಾತು ಕೇಳಲೇ ಇಲ್ಲ’ ಎಂಬುದನ್ನೇ ಮುಖ್ಯ ವಾದವಾಗಿಸಿ. ಗೆದ್ದರೂ ಕೋರ್ಟು ಸಾಮಾನ್ಯವಾಗಿ ವೇತನ ಮಂಜೂರು ಮಾಡುವುದಿಲ್ಲ. ಆದೇಶ ರದ್ದುಮಾಡಿ, ಮತ್ತೆ ವಿಚಾರಣೆ ನಡೆಸಿ ಎಂದು ಅಧಿಕಾರಿಗೇ ಕಳಿಸುತ್ತದೆ. ಮೇಲ್ಮನವಿಗೆ ಅವಕಾಶವಿದ್ದೂ ಬಿಟ್ಟು ಬಂದಿದ್ದರೆ ಅರ್ಜಿ ಬಾಗಿಲಲ್ಲೇ ನಿಲ್ಲಬಹುದು.

ಊರ ಕೆರೆ ಒತ್ತುವರಿಗೆ ಪಿಐಎಲ್ ಸರಿ. ಮೊದಲು ತಹಶೀಲ್ದಾರರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸರ್ವೆ ನಕ್ಷೆ ಜೋಡಿಸಿ. ಒತ್ತುವರಿದಾರನ ಜೊತೆ ಗಡಿ ತಕರಾರಿದ್ದರೆ ಮುಚ್ಚಿಡಬೇಡಿ. ಸ್ವಹಿತ ಬಯಲಾದರೆ ಅರ್ಜಿ ವಜಾ, ಮೇಲೆ ದಂಡವೂ ಬೀಳಬಹುದು.