ಒಂದೇ ಸ್ಕೂಟರ್, ಎರಡು ಶೋರೂಂ: ಆನ್‌ರೋಡ್ ಬೆಲೆಯಲ್ಲಿ 7,694 ರೂಪಾಯಿ ಎಲ್ಲಿ ಅಡಗಿತ್ತು

ನಾನು ಸ್ಕೂಟರ್ ತಗೊಂಡಿದ್ದು ಮನೆಯಿಂದ 14 ಕಿ.ಮೀ. ದೂರದ ಶೋರೂಂನಲ್ಲಿ. ಮನೆ ಪಕ್ಕದಲ್ಲೇ, ನಡೆದು ಹೋಗುವಷ್ಟು ಹತ್ತಿರ, ಅದೇ ಕಂಪನಿಯ ಇನ್ನೊಂದು ಶೋರೂಂ ಇದೆ. ಭಾವ ಎರಡು ತಿಂಗಳ ಹಿಂದೆ ಅಲ್ಲೇ ತಗೊಂಡಿದ್ದು. ಅದೇ 125 ಸಿಸಿ ಗಾಡಿ, ಅದೇ ವೇರಿಯಂಟ್, ಬಣ್ಣ ಮಾತ್ರ ಬೇರೆ. ಮತ್ತೆ ಕೊಳ್ಳುವ ಸಂದರ್ಭ ಬಂದರೂ ನಾನು ದೂರದ ಅಂಗಡಿಗೇ ಹೋಗ್ತೀನಿ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಎರಡೂ ಕಡೆ ಎಕ್ಸ್‌ಶೋರೂಂ ಬೆಲೆ 88,000. ಇದರಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತೆ, ಚೌಕಾಸಿಗೆ ಜಾಗ ಕಡಿಮೆ. ಆಟ ಶುರುವಾಗೋದು ಅದರ ಕೆಳಗಿನ ಸಾಲುಗಳಲ್ಲಿ. ಹತ್ತಿರದ ಶೋರೂಂ ಕೊಟ್ಟ ಹಾಳೆಯಲ್ಲಿ ಆರ್‌ಟಿಒ 14,900, ಇನ್ಶೂರೆನ್ಸ್ 9,140, ಹ್ಯಾಂಡ್ಲಿಂಗ್ 1,500, ಆಕ್ಸೆಸರೀಸ್ ಕಿಟ್ 4,200 ಇತ್ತು. ಅದರಲ್ಲಿ 3,000 'ಸ್ಪೆಷಲ್ ಡಿಸ್ಕೌಂಟ್' ಕಳೆದು 1,14,740. ದೂರದವರದ್ದು ಆರ್‌ಟಿಒ 12,722, ಫೈಲ್ ಚಾರ್ಜ್ 600, ಇನ್ಶೂರೆನ್ಸ್ ನಾನೇ ಹೊರಗೆ ಮಾಡಿಸಿದ್ದು 5,724. ಒಟ್ಟು 1,07,046. ಡಿಸ್ಕೌಂಟ್ ಇಲ್ಲ, ನಗುಮೊಗವೂ ಅಷ್ಟಕ್ಕಷ್ಟೇ.

ಮೊದಲು ಆರ್‌ಟಿಒ ಸಾಲು ನೋಡಿ. ಇದನ್ನ ಯಾರು ಬೇಕಾದರೂ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಕರ್ನಾಟಕದಲ್ಲಿ 50,000ದಿಂದ 1 ಲಕ್ಷದವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ ಬೆಲೆಯ ಶೇ. 12. 88,000ಕ್ಕೆ 10,560 ಆಯ್ತು. ಆ ತೆರಿಗೆಯ ಮೇಲೆ (ಗಾಡಿ ಬೆಲೆಯ ಮೇಲಲ್ಲ) ಶೇ. 11 ಸೆಸ್, ಅಂದರೆ 1,162. ಸಾರಿಗೆ ಕಾರ್ಮಿಕರ ನಿಧಿಗೆ ಇನ್ನೊಂದು 500. ನೋಂದಣಿ ಶುಲ್ಕ 300, ಆರ್‌ಸಿ ಕಾರ್ಡ್‌ಗೆ 200. ಎಲ್ಲಾ ಕೂಡಿದರೆ 12,722. ಸಾಲ ಮಾಡಿ ತಗೊಂಡರೆ ಹೈಪಾಥಿಕೇಶನ್‌ಗೆ ಅಂತ 500 ಹೆಚ್ಚು, ಅಷ್ಟೇ.

ಹಾಗಾದರೆ ಭಾವ ಕೊಟ್ಟ 14,900? ಅವರ ತೆರಿಗೆ ರಸೀದಿ ತೆಗೆಸಿ ನೋಡಿದೆ. ಅದರಲ್ಲಿರೋದೂ ಅದೇ ಲೆಕ್ಕ, ನನ್ನದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಮಿಕ್ಕ 2,178ಕ್ಕೆ ರಸೀದಿಯೇ ಇಲ್ಲ. ನಾನು ಕೊಟೇಶನ್ ಕೇಳೋಕೆ ಹೋದಾಗ ಅಲ್ಲಿನ ಹುಡುಗನನ್ನ ಕೇಳಿದ್ದಕ್ಕೆ, "ಸರ್, ಅದರಲ್ಲಿ ನಂಬರ್ ಪ್ಲೇಟು, ಓಡಾಟ ಎಲ್ಲಾ ಬರುತ್ತೆ" ಅಂದ. ಓಡಾಟ ಅಲ್ಲಿ ಸೇರಿದ್ದರೆ ಕೆಳಗಿನ ಹ್ಯಾಂಡ್ಲಿಂಗ್ 1,500 ಯಾವುದಕ್ಕೆ ಅಂತ ಕೇಳಿದೆ. "ಅದು ಗೋಡೌನಿಂದ ಇಲ್ಲಿಗೆ ತರೋದಕ್ಕೆ ಸರ್." ಗಾಡಿ ಶೋರೂಂಗೆ ಬಂದು ನಿಂತಾಗಿನ ಬೆಲೆಗೇ ಅಲ್ವಾ ಎಕ್ಸ್‌ಶೋರೂಂ ಅನ್ನೋದು? ಹ್ಯಾಂಡ್ಲಿಂಗ್ ಸರ್ಕಾರದ ಯಾವ ಶುಲ್ಕವೂ ಅಲ್ಲ. ಪೂರ್ತಿ ಡೀಲರ್ ಜೇಬಿಗೆ. ದೂರದವರ 600ರ ಫೈಲ್ ಚಾರ್ಜೂ ಅದೇ ಜಾತಿ. ಬೇಡ ಅಂದೆ, ಅವರು ಬಿಡಲಿಲ್ಲ, ನಾನೂ ಎಳೆದಾಡಲಿಲ್ಲ, ಕೊಟ್ಟೆ.

ಕಿಟ್ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಭಾವನ 4,200ರ ಕಿಟ್‌ನಲ್ಲಿ ಗಾರ್ಡು, ಮ್ಯಾಟು, ಸೀಟ್ ಕವರ್ರು, ಹೆಲ್ಮೆಟ್ಟು ಇದ್ದವು. ದ್ವಿಚಕ್ರ ವಾಹನ ಕೊಳ್ಳುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡೋದು ತಯಾರಕರ ಹೊಣೆ ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲೇ ಇದೆ. ಅದಕ್ಕೂ ದುಡ್ಡು! ನಾನು ಗಾರ್ಡು ಮತ್ತು ಮ್ಯಾಟನ್ನ ಹೊರಗಿನ ಅಂಗಡಿಯಲ್ಲಿ 1,150ಕ್ಕೆ ಹಾಕಿಸಿದೆ. ಸೀಟ್ ಕವರ್ ನನಗೆ ಬೇಕಿರಲಿಲ್ಲ.

ಇನ್ನು ಇನ್ಶೂರೆನ್ಸ್. ನನ್ನ ತಲೆ ತಿಂದಿದ್ದೂ ಇದೇ, ದುಡ್ಡು ಉಳಿಸಿದ್ದೂ ಇದೇ.

ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 75ರಿಂದ 150 ಸಿಸಿ ಗಾಡಿಗೆ ಅದರ ದರ 3,851 ಅಂತ ಸರ್ಕಾರವೇ ನಿಗದಿ ಮಾಡಿದೆ, ಶೇ. 18 ಜಿಎಸ್‌ಟಿ ಸೇರಿ 4,544. ಯಾವ ಕಂಪನಿಗೆ ಹೋದರೂ ಇದು ಬದಲಾಗಲ್ಲ. ಹಾಗಾಗಿ ಯಾರಾದರೂ ಇನ್ಶೂರೆನ್ಸ್ ಮೊತ್ತ ಹೇಳಿದ ತಕ್ಷಣ ಅದರಿಂದ 4,544 ಕಳೀರಿ. ಉಳಿದಿದ್ದರ ಮೇಲೆ ಮಾತ್ರ ಮಾತುಕತೆ. ಹತ್ತಿರದವರ ಲೆಕ್ಕದಲ್ಲಿ ಉಳಿದಿದ್ದು 4,596. ನನ್ನದರಲ್ಲಿ 1,180.

ಉಳಿಯೋದರಲ್ಲಿ ಮುಖ್ಯವಾದದ್ದು ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ, ಅದೂ ಒಂದು ವರ್ಷದ್ದು. ಈ ಭಾಗದಲ್ಲಿ ಕಂಪನಿಗಳು ರಿಯಾಯಿತಿ ಕೊಡ್ತಾವೆ, ಆದರೆ ಶೋರೂಂ ಹಾಳೆಯಲ್ಲಿ ಅದು ಕಾಣಲ್ಲ. ಅದರ ಮೇಲೆ ಇಂಜಿನ್ ಪ್ರೊಟೆಕ್ಷನ್, ಕನ್ಸ್ಯೂಮಬಲ್ಸ್, ರಿಟರ್ನ್ ಟು ಇನ್‌ವಾಯ್ಸ್ ಅಂತ ಕೇಳದೇ ಸೇರಿಸಿದ್ದರು. ಸಾಲದ್ದಕ್ಕೆ ಮಾಲೀಕರ ಅಪಘಾತ ವಿಮೆ 5 ವರ್ಷಕ್ಕೆ ಒಟ್ಟಿಗೆ. 15 ಲಕ್ಷದ ಈ ವಿಮೆ ಕಡ್ಡಾಯ ನಿಜ. ಆದರೆ ಅಷ್ಟೇ ಮೊತ್ತದ ಅಪಘಾತ ವಿಮೆ ನಿಮ್ಮ ಹತ್ತಿರ ಬೇರೆ ಕಡೆ ಇದ್ದರೆ ಹಾಗಂತ ಘೋಷಣೆ ಕೊಟ್ಟು ಬಿಡಿಸಬಹುದು. ನನಗಿತ್ತು, ಬಿಡಿಸಿದೆ. ಝೀರೋ ಡೆಪ್ರಿಸಿಯೇಶನ್ ಒಂದನ್ನ ಉಳಿಸಿಕೊಂಡೆ, ಯಾಕಂದರೆ ಸ್ಕೂಟರ್ ಪೂರ್ತಿ ಪ್ಲಾಸ್ಟಿಕ್. ಅದು ಇಲ್ಲದಿದ್ದರೆ ಒಡೆದ ಪ್ಲಾಸ್ಟಿಕ್ ಭಾಗದ ಅರ್ಧ ಬೆಲೆ ನಮ್ಮ ತಲೆ ಮೇಲೆ.

ಹೊರಗಿನಿಂದ ಇನ್ಶೂರೆನ್ಸ್ ತರ್ತೀನಿ ಅಂದಾಗ ಹತ್ತಿರದವರು, "ನಮ್ಮ ಸರ್ವಿಸ್ ಸೆಂಟರಲ್ಲಿ ಕ್ಯಾಶ್‌ಲೆಸ್ ಸಿಗಲ್ಲ ಸರ್, ಆಮೇಲೆ ನಮ್ಮನ್ನ ಕೇಳಬೇಡಿ" ಅಂದರು. ನಾನು ಆರಿಸಿದ್ದ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಅವರದೇ ಸರ್ವಿಸ್ ಸೆಂಟರ್ ಹೆಸರಿತ್ತು! ಫೋನ್‌ನಲ್ಲಿ ತೋರಿಸಿದೆ. ಮ್ಯಾನೇಜರ್‌ನ ಕೇಳಬೇಕು ಅಂತ ಒಳಗೆ ಹೋದವನು ಬರಲೇ ಇಲ್ಲ. ಡೀಲರ್ ತನ್ನ ಪಾಲಿಸಿಯನ್ನೇ ತಗೋ ಅಂತ ಬಲವಂತ ಮಾಡುವ ಹಾಗಿಲ್ಲ, ಆಯ್ಕೆ ಕೊಳ್ಳುವವರದ್ದು. ಆದರೆ ಇದನ್ನ ಬುಕ್ಕಿಂಗ್ ದುಡ್ಡು ಕಟ್ಟುವ ಮುಂಚೆ ಹೇಳಬೇಕು. ಭಾವ ಕಟ್ಟಿದ ಮೇಲೆ ಕೇಳಿದ್ದರು.

ದೂರದವರು ಒಪ್ಪಿದರು, ಸರಿ. ಆದರೆ ಅಲ್ಲೊಂದು ಪೇಚು. ಪಾಲಿಸಿ ಮಾಡಿಸೋಕೆ ಚಾಸಿಸ್ ನಂಬರ್, ಇಂಜಿನ್ ನಂಬರ್ ಬೇಕು. ಗಾಡಿ ನಮ್ಮ ಹೆಸರಿಗೆ ಅಲಾಟ್ ಆಗುವವರೆಗೆ ಆ ನಂಬರ್ ಸಿಗಲ್ಲ. ಪಾಲಿಸಿ ಇಲ್ಲದೆ ನೋಂದಣಿ ಮುಂದಕ್ಕೆ ಹೋಗಲ್ಲ. ಅಲಾಟ್ ಆದ ದಿನ ಶೋರೂಂ ಹುಡುಗಿ ಒಂದು ಚೀಟಿ ಮೇಲೆ ಕೈಯಲ್ಲಿ ಬರೆದು ಕೊಟ್ಟಳು. ಅಲ್ಲೇ ಬೆಂಚಿನ ಮೇಲೆ ಕೂತು ಫೋನಲ್ಲಿ ಟೈಪ್ ಮಾಡಿ, ದುಡ್ಡು ಕಟ್ಟಿ, ಪಾಲಿಸಿ ಇಳಿಸಿ ಕೊಟ್ಟೆ. ಹತ್ತು ನಿಮಿಷದ ಕೆಲಸ ಅಂತ ಬೀಗಿದೆ.

ಸಂಜೆ ಫೋನ್ ಬಂತು, "ಸರ್, ನಿಮ್ಮ ಪಾಲಿಸಿ ಮ್ಯಾಚ್ ಆಗ್ತಿಲ್ಲ." ನೋಡಿದರೆ ಚಾಸಿಸ್ ನಂಬರಿನ ನಡುವೆ ಸೊನ್ನೆ ಇರುವ ಕಡೆ ನಾನು ಇಂಗ್ಲಿಷಿನ 'ಓ' ಅಕ್ಷರ ಒತ್ತಿದ್ದೆ. ಚೀಟಿಯಲ್ಲಿ ಎರಡೂ ಒಂದೇ ಥರ ಕಾಣ್ತಿತ್ತು. ತಿದ್ದುಪಡಿಗೆ ವಿಮಾ ಕಂಪನಿಗೆ ಬರೆದು, ದಾಖಲೆ ಫೋಟೋ ಕಳಿಸಿ, ಎರಡು ಸಲ ಫೋನ್ ಮಾಡಿ, ಸರಿಯಾದ ಪಾಲಿಸಿ ಬಂದಿದ್ದು ಮಾರನೇ ದಿನ ಸಂಜೆಗೆ. ಡೆಲಿವರಿ ಎರಡು ದಿನ ಮುಂದೆ ಹೋಯ್ತು. ಅಕ್ಕ ಪೂಜೆಗೆ ಅಂತ ತಂದಿದ್ದ ಹೂವಿನ ಹಾರ ಫ್ರಿಜ್‌ನಲ್ಲೇ ಬಾಡಿತು.

ಆಮೇಲೆ ಗೊತ್ತಾಯ್ತು, 17 ಅಕ್ಷರದ ಚಾಸಿಸ್ ನಂಬರಿನಲ್ಲಿ ಐ, ಓ, ಕ್ಯೂ ಈ ಮೂರು ಅಕ್ಷರ ಬಳಸುವುದೇ ಇಲ್ಲವಂತೆ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ. ಅಂದರೆ ಗುಂಡಗೆ ಕಂಡಿದ್ದೆಲ್ಲಾ ಸೊನ್ನೆಯೇ, ಯೋಚನೆ ಬೇಡ. ಇಂಜಿನ್ ನಂಬರಿಗೆ ಈ ಭರವಸೆ ಇಲ್ಲ. ಕೈಬರಹದ ಚೀಟಿ ತಗೋಬೇಡಿ. ಫಾರ್ಮ್ 22 ಅಂತ ತಯಾರಕರು ಕೊಡುವ ಪತ್ರದಲ್ಲಿ ಎರಡೂ ನಂಬರ್ ಅಚ್ಚಾಗಿರುತ್ತೆ, ಅದರ ಫೋಟೋ ಕೇಳಿ.

ಇಷ್ಟೆಲ್ಲಾ ಪಾಡು ಬೇಡ ಅನ್ನುವವರು ಶೋರೂಂ ಪಾಲಿಸಿಯನ್ನೇ ತಗೊಂಡು, ಬೇಡದ ಆಡ್‌ಆನ್ ಒಂದೊಂದಾಗಿ ತೆಗೆಸಿ. ಅದಕ್ಕೂ ಹತ್ತಿರದವರು ಸ್ವಲ್ಪ ಬಗ್ಗಿದ್ದರು. ಪೂರ್ತಿ ಅಲ್ಲ.

ಒಂದು ಹಂತದಲ್ಲಿ ಹತ್ತಿರದವರು ಇನ್ನೊಂದು ಆಸೆ ತೋರಿಸಿದರು. ಮೇಲಿನ ವೇರಿಯಂಟ್, ಬಣ್ಣದ ಡಿಸ್‌ಪ್ಲೇ ಇರೋದು, 1,01,000. "ಬರೀ 13,000 ವ್ಯತ್ಯಾಸ ಸರ್." ಬರೀ ಅಲ್ಲ. ಬೆಲೆ 1 ಲಕ್ಷ ದಾಟಿದರೆ ತೆರಿಗೆ ಶೇ. 18, ಅದೂ ಲಕ್ಷದ ಮೇಲಿನ ಸಾವಿರಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ. 18,180, ಮೇಲೆ ಸೆಸ್ 2,000. ನಾನು ಕಟ್ಟಿದ್ದಕ್ಕಿಂತ 8,458 ಹೆಚ್ಚು. ಇದೇ ಗಾಡಿಯ ಬೆಲೆ 99,900 ಇದ್ದಿದ್ದರೆ ತೆರಿಗೆ, ಸೆಸ್ ಎರಡೂ ಸೇರಿ 13,307ಕ್ಕೆ ಮುಗೀತಿತ್ತು. ಲಕ್ಷದ ಆಸುಪಾಸಿನ ಗಾಡಿ ನೋಡ್ತಿರೋರು ಮೊದಲು ಎಕ್ಸ್‌ಶೋರೂಂ ಅಂಕಿ ಗೆರೆಯ ಯಾವ ಕಡೆ ಇದೆ ನೋಡಿ. ಮೊಬೈಲ್‌ನಲ್ಲೇ ದಾರಿ ನೋಡುವ ನನಗೆ ಬಣ್ಣದ ಡಿಸ್‌ಪ್ಲೇಗೆ ಒಟ್ಟು 21,000ಕ್ಕೂ ಹೆಚ್ಚು ಕೊಡೋದು ಆಗದ ಮಾತು.

ದೂರದ ಶೋರೂಂನ ಕೊರತೆಯೂ ಹೇಳಬೇಕು. ನನಗೆ ಬೇಕಿದ್ದ ಬಣ್ಣಕ್ಕೆ 12 ದಿನ ಕಾಯಿಸಿದರು. ಸಾಲದ ಏರ್ಪಾಟಿಗೆ ಅಲ್ಲಿ ಯಾರೂ ಇರಲಿಲ್ಲ, ನಾನು ಪೂರ್ತಿ ದುಡ್ಡು ಕಟ್ಟಿದ್ದರಿಂದ ತೊಂದರೆ ಆಗಲಿಲ್ಲ. ಕಂತಿನಲ್ಲಿ ತಗೊಳ್ಳೋರಿಗೆ ಹತ್ತಿರದವರೇ ಅನುಕೂಲ ಆಗಬಹುದು, ಆದರೆ ಉಬ್ಬಿಸಿದ ಆನ್‌ರೋಡ್ ಮೊತ್ತಕ್ಕೂ ಬಡ್ಡಿ ಬೀಳುತ್ತೆ ಅನ್ನೋದು ನೆನಪಿರಲಿ. ಸರ್ವಿಸ್‌ಗೆ 14 ಕಿ.ಮೀ. ಹೋಗಬೇಕಾ ಅಂತ ಭಾವ ಕೇಳಿದರು. ಬೇಕಿಲ್ಲ. ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಲ್ಲಾದರೂ ಫ್ರೀ ಸರ್ವಿಸ್ ಆಗುತ್ತೆ. ಮೊದಲ ಸರ್ವಿಸ್‌ಗೆ ಮನೆ ಪಕ್ಕದ ಅದೇ ಶೋರೂಂಗೆ ಬಿಟ್ಟಿದ್ದೆ. ಒಳಗೆ ಹೋಗಿ ಬರದೇ ಇದ್ದ ಹುಡುಗನೇ ಕೀ ಇಸ್ಕೊಂಡು, "ಸರ್, ಗಾಡಿ ಎಲ್ಲಿ ತಗೊಂಡ್ರಿ?" ಅಂತ ಕೇಳಿದ.